ಫ್ರೆಂಚಿನಲ್ಲಿ ಕೆಲಸ ಹೇಳುವುದು

ಫ್ರಾನ್ಸಿನ ಲಿಯೋಂ ಕಛೇರಿಗೆ ಬಂದಮೇಲೆ ಯಾರೂ ವಹಿಸದ ಒಂದು ಕೆಲಸ ನನ್ನ ಪಾಲಿಗೆ ಬಂದಿದೆ. ಬೆಂಗಳೂರಿನ ತಂಡದಲ್ಲಿ ಫ್ರೆಂಚ್ ಕಲಿತ ನಮ್ಮವರು ಇಲ್ಲಿಯವರಿಗೆ ಏನಾದರೂ ಬರೆಯಬೇಕಾದಾಗ ಮೊದಲು ನನಗೆ ಕಳಿಸಿ, 'ಒಂಚೂರು ನೋಡಿಕೊಡಿ' ಅನ್ನುತ್ತಾರೆ. ವ್ಯಾಕರಣದ ತಪ್ಪು ಅಷ್ಟಾಗಿ ಇರುವುದಿಲ್ಲ. ಶ್ರದ್ಧೆಯಿಂದ ಕಲಿತವರು, ಪರೀಕ್ಷೆ ಪಾಸು ಮಾಡಿಕೊಂಡವರು. ಆದರೂ ಮೇಲ್ ಓದಿ ಮುಗಿಸಿದ ಮೇಲೆ ಯಾರು, ಏನನ್ನು, ಯಾವಾಗ ಕೊಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ ಮೇಲಿನವರಿಗೆ ಬರೆದ ಮೇಲ್‌ಗಳಲ್ಲಿ ಈ ತೊಂದರೆ ಕಡಿಮೆ, ಕಿರಿಯರಿಗೆ ಬರೆದವುಗಳಲ್ಲೇ ಹೆಚ್ಚು. ಫ್ರೆಂಚರ ಜೊತೆ ನಾಜೂಕಾಗಿ ಮಾತಾಡಬೇಕು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ದರ್ಪ ಕಾಣಬಾರದು ಅಂತ ಒಂದೊಂದೇ ಪದವನ್ನು ಮೆತ್ತಗೆ ಮಾಡುತ್ತಾ ಹೋಗಿ, ಕೊನೆಗೆ ತಾರೀಖೂ ಮೆತ್ತಗಾಗಿಬಿಟ್ಟಿರುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಹುಡುಗನೊಬ್ಬ ಬರೆದ ಮೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನು ಬೆಂಗಳೂರಿನಲ್ಲಿ ಕೂತು ಲಿಯೋಂನ ಇಬ್ಬರು ಮೂವರ ಕೆಲಸ ನೋಡಿಕೊಳ್ಳುತ್ತಾನೆ. ಅವರಲ್ಲೊಬ್ಬಳು ಇನ್ನೂ ಓದುತ್ತಿರುವವಳು. ಸೋಮವಾರ ಬೆಳಿಗ್ಗೆ ಇಲ್ಲಿನ ನಿರ್ದೇಶಕರ ಮುಂದೆ ಇಡಲು ಅವನಿಗೆ ಹಿಂದಿನ ತಿಂಗಳ ಗ್ರಾಹಕರ ದೂರುಗಳ ಸಾರಾಂಶ ಬೇಕಿತ್ತು. ಅವಳಿಗೆ ಹೀಗೆ ಬರೆದ: 'ಸಿ ತ್ಯೂ ಆ ಅಂ ಮೊಮಾಂ, ಪುರೇ-ತ್ಯೂ ಪ್ರೆಪಾರೇ ಯೂನ್ ಪತಿತ್ ಸ್ಯಾಂತೆಜ್ ದೆ ರತೂರ್ ಕ್ಲಿಯಾಂ ಪೂರ್ ಲಾ ಫ್ಯಾಂ ದ ಸಮೆನ್? ಮೆರ್ಸಿ ದಾವಾಂಸ್.' ನಿನಗೆ ಸಮಯವಿದ್ದರೆ, ವಾರದ ಕೊನೆಗೆ ಗ್ರಾಹಕರ ಪ್ರತಿಕ್ರಿಯೆಗಳ ಒಂದು ಪುಟ್ಟ ಸಾರಾಂಶ ತಯಾರಿಸಬಹುದೇ, ಮುಂಗಡವಾಗಿ ಧನ್ಯವಾದ, ಎಂದರ್ಥ. (ಕನ್ನಡ ಲಿಪಿಯಲ್ಲಿ ಫ್ರೆಂಚ್ ಉಚ್ಚಾರ ಸಿಗುವುದು ಹತ್ತಿರ ಹತ್ತಿರಕ್ಕೆ ಮಾತ್ರ. ಮೂಗಿನಿಂದ ಬರುವ ಸ್ವರಗಳಿಗೆ ನಮ್ಮ ಸೊನ್ನೆ ಸಾಲದು. ಹೊಂದಿಸಿಕೊಂಡು ಓದಿ.) ಈ ಮೇಲ್ ನನ್ನ ಕಡೆ ಬರಲಿಲ್ಲ, ನೇರವಾಗಿ ಹೋಯಿತು. ನನಗೆ ಬಂದದ್ದು ಶುಕ್ರವಾರ ರಾತ್ರಿಯ ಫೋನು.

"ಅಕ್ಕಾರ, ನಾ ಏನ್ ತಪ್ಪ ಬರದೀನ್ರೀ? ಇಷ್ಟ್ ಮರ್ಯಾದಿಲೆ ಕೇಳೀನಿ. ಆಕಿ ನೋಡಿದ್ರ ಶುಕ್ರವಾರ ರಾತ್ರಿ ಹತ್ತಕ್ಕ ಆರ್ ಸ್ಲೈಡ್ ಮಾಡಿ ಕಳಿಸ್ಯಾಳ. ನನಗ ಬೇಕಾಗಿದ್ದು ಒಂದ್ ಪುಟ ಬರವಣಿಗಿ."

"ತಪ್ಪೇನೂ ಬರೆದಿಲ್ಲಪ್ಪ. ನೀನು ಕೇಳಿದ್ದನ್ನೇ ಕೊಟ್ಟಿದ್ದಾಳೆ. ಸಮಯವಿದ್ದರೆ ಅಂದೆ, ಇದ್ದಾಗ ಮಾಡಿದಳು. ವಾರದ ಕೊನೆಗೆ ಅಂದೆ, ಕೊನೆಗೇ ಕೊಟ್ಟಳು. ಒಂದು ಪುಟ ಅಂತ ಎಲ್ಲಿ ಹೇಳಿದ್ದೀಯ?"

"ಹಂಗಾದ್ರ ಹುಕುಂ ಮಾಡ್ಲೇನ್ರೀ?"

ಈ ಪ್ರಶ್ನೆಯೇ ನನಗೆ ಮುಖ್ಯ ಅನ್ನಿಸಿದ್ದು. ಹುಕುಂ ಇಲ್ಲವೇ ಬೇಡಿಕೆ, ಎರಡೇ ದಾರಿ ಎಂದು ಅವನು ಅಂದುಕೊಂಡಿದ್ದ.

ವಿನಯ ಕೂರುವ ಜಾಗ

ಕನ್ನಡದಲ್ಲಿ ವಿನಯ ನಾಲ್ಕಾರು ಕಡೆ ಹಂಚಿಕೊಂಡಿರುತ್ತದೆ. 'ನೀವು' ಇದೆ, 'ರೀ' ಇದೆ, 'ಸ್ವಲ್ಪ' ಇದೆ, 'ನೋಡಮ್ಮ, ಇದೊಂದು ಮಾಡಿಕೊಟ್ಟುಬಿಡು' ಎನ್ನುವಾಗಿನ 'ಅಮ್ಮ' ಮತ್ತು 'ಕೊಡು' ಇವೆ. ಫ್ರೆಂಚಿನ ಕಛೇರಿ ಭಾಷೆಯಲ್ಲಿ ಅದರ ಬಹುಪಾಲು ಕ್ರಿಯಾಪದದ ಒಂದು ರೂಪದಲ್ಲಿ ಇರುತ್ತದೆ. ಕೋಂದಿಸ್ಯೊನೆಲ್ ಅನ್ನುತ್ತಾರೆ. 'ಮಾಡಬಲ್ಲೆಯಾ' ಎಂಬುದು 'ಮಾಡಬಹುದಿತ್ತೇ' ಎನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ. 'ಪೆ-ತ್ಯೂ' ಎಂದರೆ ಸಹಜ, 'ಪುರೇ-ತ್ಯೂ' ಎಂದರೆ ವಿನಯ, 'ವೂ', ಅಂದರೆ 'ನೀವು', ಎಂದು ಕರೆಯುವವರಿಗೆ 'ಪುರಿಯೇ-ವೂ'. ಕಿರಿಯರಿಗೆ ಕೆಲಸ ಹೇಳಲು ನನಗೆ ಎಲ್ಲಕ್ಕಿಂತ ಒಗ್ಗಿದ್ದು 'ಜೋರೇ ಬೆಜ್ವಾಂ', ಅಂದರೆ 'ನನಗೆ ಬೇಕಾಗಿತ್ತು'. ಇದರಲ್ಲಿ ಪ್ರಶ್ನೆಯಿಲ್ಲ, ಹಾಗಾಗಿ 'ಆಗುವುದಿಲ್ಲ' ಎಂಬ ಬಾಗಿಲು ಅರ್ಧ ಮುಚ್ಚಿರುತ್ತದೆ. ಆಜ್ಞೆಯೂ ಇಲ್ಲ.

ಕೇಳಲು ಮೆತ್ತಗಿದ್ದು ಒಳಗೆ ಗಟ್ಟಿ ಇರುವ ಮಾತುಗಳೂ ಇವೆ, ಹೊಸಬರು ಎಡವುವುದು ಅಲ್ಲಿ. 'ಮೆರ್ಸಿ ದ' ಎಂದು ಶುರುವಾಗುವ ವಾಕ್ಯ ಧನ್ಯವಾದದ ಹಾಗೆ ಕಾಣುತ್ತದೆ. 'ಮೆರ್ಸಿ ದ ಮಾಂವಾಯೇ ಲ ಫಿಶಿಯೇ' ಎಂದರೆ ಫೈಲ್ ಕಳಿಸು ಎಂದೇ ಅರ್ಥ. ಬೇಡ ಅನ್ನಲು ಜಾಗವೇ ಇಲ್ಲ, ಕೆಲವರಿಗೆ ಒರಟಾಗಿಯೂ ಕೇಳುತ್ತದೆ. 'ಇಲ್ ಫೋದ್ರೇ' ಎಂದರೆ 'ಮಾಡಿದರೆ ಒಳ್ಳೆಯದಿತ್ತು' ಎಂಬಂತೆ ಕಂಡರೂ ಮೇಲಿನವರ ಬಾಯಲ್ಲಿ ಬಂದಾಗ ಅದು ಮಾಡಲೇಬೇಕಾದ ಕೆಲಸ. 'ಜ ತ ಲೆಸ್ ರಗಾರ್ದೇ', ಅಂದರೆ 'ನೋಡಲು ನಿನಗೆ ಬಿಡುತ್ತೇನೆ' ಎಂದು ಹೇಳಿ ಮ್ಯಾನೇಜರ್ ಎದ್ದುಹೋದರೆ ಕೆಲಸ ನಿಮ್ಮ ತಲೆಯ ಮೇಲೆ ಬಿತ್ತು ಎಂದು ತಿಳಿಯಬೇಕು. ಇನ್ನು 'ವುಯ್ಯೇ' ಎಂಬುದು ವ್ಯಾಕರಣದ ಪುಸ್ತಕಗಳಲ್ಲಿ ಅತಿ ವಿನಯದ ರೂಪ. ದಿನಾ ಎದುರು ಸಿಗುವ ಕಿರಿಯರಿಗೆ ಅದನ್ನು ಬರೆದರೆ ತೆರಿಗೆ ಇಲಾಖೆಯ ಪತ್ರ ಬಂದ ಹಾಗಿರುತ್ತದೆ.

ನಮ್ಮ 'ನೀನು', 'ನೀವು'ಗಳಂತಿರುವ 'ತ್ಯೂ' ಮತ್ತು 'ವೂ' ವಿಷಯದಲ್ಲಿ ನಮ್ಮ ಅಭ್ಯಾಸ ಒಂದು ಕಡೆ ತಪ್ಪು ದಾರಿ ತೋರಿಸುತ್ತದೆ. ನಾವು ಕಿರಿಯರಿಗೆ 'ನೀನು' ಎನ್ನುತ್ತೇವೆ, ಅವರು ನಮಗೆ 'ನೀವು' ಎನ್ನುತ್ತಾರೆ, ಇಬ್ಬರಿಗೂ ಅದು ಸರಿ. ಇಲ್ಲಿನ ಕಛೇರಿಗಳಲ್ಲಿ ಅದು ಸಾಮಾನ್ಯವಾಗಿ ಎರಡೂ ಕಡೆಗೆ ಒಂದೇ. ಅವಳಿಗೆ 'ತ್ಯೂ' ಎಂದರೆ ಅವಳೂ ನಿಮಗೆ 'ತ್ಯೂ' ಎನ್ನುತ್ತಾಳೆ, ಎನ್ನಬೇಕು ಕೂಡ. ಹುಬ್ಬಳ್ಳಿಯ ಹುಡುಗನಿಗೆ ಇದು ನುಂಗಲಾರದ ತುತ್ತಾಗಿತ್ತು. ಒಪ್ಪಲಾಗದಿದ್ದರೆ ಇಬ್ಬರೂ 'ವೂ'ದಲ್ಲಿ ಉಳಿಯುವುದಕ್ಕೆ ಏನೂ ಅಡ್ಡಿಯಿಲ್ಲ. ತಾನು ಒಂದು, ಅವಳು ಇನ್ನೊಂದು ಎಂಬುದು ಮಾತ್ರ ಕೂಡದು.

ಶುಕ್ರವಾರ ಎಂದರೆ ಯಾವಾಗ

ಇಷ್ಟು ವಿನಯ ಕ್ರಿಯಾಪದದಲ್ಲಿ ಬಂದ ಮೇಲೆ ತಾರೀಖಿಗೆ ವಿನಯ ಬೇಕಿಲ್ಲ. ಅದನ್ನು ಬರಿದಾಗಿ ಇಟ್ಟರೆ ಯಾರಿಗೂ ಬೇಸರವಾಗುವುದಿಲ್ಲ, ಇಡದಿದ್ದರೆ ಆಗುತ್ತದೆ. 'ಸಿ ತ್ಯೂ ಆ ಅಂ ಮೊಮಾಂ' ಎಂದು ಶುರುಮಾಡಿದ ವಾಕ್ಯದಲ್ಲಿ ಯಾವ ಗಡುವೂ ನಿಲ್ಲುವುದಿಲ್ಲ, ಏಕೆಂದರೆ 'ಸಮಯವಿದ್ದರೆ' ಎಂಬುದೇ ಗಡುವನ್ನು ಐಚ್ಛಿಕ ಮಾಡಿಬಿಡುತ್ತದೆ. ಕಿರಿಯರು ಅದನ್ನು ಅಕ್ಷರಶಃ ತೆಗೆದುಕೊಂಡರೆ ಅವರನ್ನು ದೂರುವಂತಿಲ್ಲ.

ಆಮೇಲೆ ವಾರದ ಕೊನೆ. ಫ್ರಾನ್ಸಿನಲ್ಲಿ 'ಫ್ಯಾಂ ದ ಸಮೆನ್' ಎಂದರೆ ಗುರುವಾರ, ಶುಕ್ರವಾರದ ಸುಮಾರು. ಕೆನಡಾದ ಕ್ಯುಬೆಕ್‌ನಲ್ಲಿ ಅದೇ ಮಾತಿಗೆ ಶನಿವಾರ, ಭಾನುವಾರ ಎಂದರ್ಥ. ಅಲ್ಲಿನ ಶಾಖೆಯವರೂ ಪ್ರತಿಯಲ್ಲಿದ್ದರೆ ಒಂದೇ ಮೇಲ್‌ಗೆ ಎರಡು ಗಡುವು. ವಿಭಕ್ತಿಯಂತೆ ಕೆಲಸ ಮಾಡುವ ಪುಟ್ಟ ಪದಗಳಲ್ಲೂ ವ್ಯತ್ಯಾಸವಿದೆ. 'ಅವಾಂ ವಾಂದ್ರದಿ' ಎಂದರೆ ಶುಕ್ರವಾರಕ್ಕೆ ಮುಂಚೆ. ಶುಕ್ರವಾರವೂ ಸೇರಿತೇ ಎಂಬುದು ಓದುವವರ ಮನಸ್ಸಿಗೆ ಬಿಟ್ಟದ್ದು. 'ದಿಸಿ ವಾಂದ್ರದಿ' ಎಂದರೆ ಶುಕ್ರವಾರದೊಳಗೆ. 'ಜುಸ್ಕಾ' ಎಂಬುದು ನಮ್ಮ 'ವರೆಗೆ'. 'ಶುಕ್ರವಾರದವರೆಗೆ ನಿನಗೆ ಸಮಯವಿದೆ' ಎನ್ನಬಹುದು, 'ಶುಕ್ರವಾರದವರೆಗೆ ಕಳಿಸು' ಎಂದರೆ ದಿನಾ ಕಳಿಸುತ್ತಿರು ಎಂದಾಗುತ್ತದೆ. ಕನ್ನಡದಲ್ಲೂ ಇದೇ ಗೆರೆ ಇರುವುದರಿಂದ ನಮ್ಮವರು ಇಲ್ಲಿ ತಪ್ಪುವುದು ಕಡಿಮೆ. ಇನ್ನೊಂದು ಸಂತೋಷದ ಸಂಗತಿಯೂ ಇದೆ. ಫ್ರೆಂಚರೂ ಒಂದು ವಾರಕ್ಕೆ 'ಎಂಟು ದಿನ' ಎನ್ನುತ್ತಾರೆ, ಎರಡು ವಾರಕ್ಕೆ 'ಹದಿನೈದು ದಿನ'. ನಮ್ಮ ಅಜ್ಜಿ ಸೋಮವಾರದಂದು ಎಂಟು ದಿನ ಬಿಟ್ಟು ಬಾ ಎಂದರೆ ಮುಂದಿನ ಸೋಮವಾರವೇ. ಹಾಗಾಗಿ 'ಕ್ಯಾಂಜ್ ಜೂರ್' ಎಂದು ಕೇಳಿ ಹದಿನಾಲ್ಕೋ ಹದಿನೈದೋ ಎಂದು ತಲೆಕೆಡಿಸಿಕೊಳ್ಳುವ ಗೋಜು ನಮಗಿಲ್ಲ.

ಇದನ್ನೆಲ್ಲ ದಾಟಲು ಒಂದೇ ರೀತಿ ಬರೆದರೆ ಸಾಕು: ವಾರದ ಹೆಸರು, ತಾರೀಖು, ಗಂಟೆ, ಕೊನೆಗೆ 'ಓ ಪ್ಲು ತಾರ್', ಅಂದರೆ ತಡವೆಂದರೆ ಇಷ್ಟಕ್ಕೆ. ಗಂಟೆಯನ್ನು 24ರ ಲೆಕ್ಕದಲ್ಲಿ, ಯಾರ ಊರಿನ ಗಂಟೆ ಎಂದು ಹೇಳಿ. ಬೇಸಿಗೆ ಸಮಯದಲ್ಲಿ ಲಿಯೋಂಗಿಂತ ಬೆಂಗಳೂರು ಮೂರೂವರೆ ಗಂಟೆ ಮುಂದೆ, ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುವ ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ. ಇಲ್ಲಿನ 17 ಗಂಟೆ ಅವನಿಗೆ ಸೆಪ್ಟೆಂಬರಿನಲ್ಲಿ ರಾತ್ರಿ ಎಂಟೂವರೆ, ನವೆಂಬರಿನಲ್ಲಿ ಒಂಬತ್ತೂವರೆ.

ಆ ಶುಕ್ರವಾರದ ರಾತ್ರಿ ಹತ್ತರ ಮೇಲ್‌ಗೆ ಇನ್ನೊಂದು ಕಾರಣವೂ ಇತ್ತು, ಅದು ಹುಡುಗನಿಗೆ ಗೊತ್ತಿರಲಿಲ್ಲ. ಅವಳು ಆಲ್ತೆರ್ನಾಂತ್. ಓದು ಮತ್ತು ಕೆಲಸ ಎರಡನ್ನೂ ಒಂದೇ ಒಪ್ಪಂದದಲ್ಲಿ ಮಾಡುವ ವ್ಯವಸ್ಥೆ ಇಲ್ಲಿದೆ. ಕೆಲವರು ಮೂರು ವಾರ ಕಂಪನಿ, ಒಂದು ವಾರ ಶಾಲೆ, ಕೆಲವರು ವಾರದಲ್ಲೇ ಹಂಚಿಕೊಂಡಿರುತ್ತಾರೆ. ಅವಳಿಗೆ ಸೋಮವಾರದಿಂದ ಬುಧವಾರದವರೆಗೆ ಕಂಪನಿ, ಗುರುವಾರ ಮತ್ತು ಶುಕ್ರವಾರ ತರಗತಿ. ತರಬೇತಿ ಕೇಂದ್ರದಲ್ಲಿ ಕಳೆಯುವ ಹೊತ್ತೂ ಕಾನೂನಿನ ಪ್ರಕಾರ ಕೆಲಸದ ಹೊತ್ತೇ, ಅಂದು ಕಂಪನಿ ಬೇರೆ ಕೆಲಸ ಹೇರುವಂತಿಲ್ಲ. ಪಾಪ, ಅವಳು ತರಗತಿ ಮುಗಿಸಿ ಮನೆಗೆ ಹೋಗಿ ಇಲ್ಲಿನ ಆರೂವರೆಗೆ ಕಳಿಸಿದ್ದಳು. ಗಡುವು ಶುಕ್ರವಾರ ಎಂದು ಸ್ಪಷ್ಟವಾಗಿ ಬರೆದಿದ್ದರೂ ಅದು ತಪ್ಪು ಗಡುವೇ ಆಗುತ್ತಿತ್ತು. ಕಿರಿಯರಿಗೆ ಕೆಲಸ ಹೇಳುವ ಮುಂಚೆ ಅವರ ಕ್ಯಾಲೆಂಡರ್ ತೆರೆದು ನೋಡುವುದು ವಿನಯದ ಎಲ್ಲ ಕ್ರಿಯಾಪದಗಳಿಗಿಂತ ಹೆಚ್ಚು ವಿನಯ ಎಂಬುದು ನನ್ನ ಅಭಿಪ್ರಾಯ. ಮೇ ತಿಂಗಳಲ್ಲಂತೂ ನೋಡಲೇಬೇಕು. 1 ಮತ್ತು 8ನೇ ತಾರೀಖು ರಜೆ, ಜೊತೆಗೆ ಒಂದು ಗುರುವಾರ ಬರುವ ಕ್ರೈಸ್ತರ ಅಸಾಂಸ್ಯೋಂ ಹಬ್ಬ ಬಹುತೇಕ ಅದೇ ತಿಂಗಳಲ್ಲಿ. ನಡುವಿನ ಶುಕ್ರವಾರವನ್ನು 'ಸೇತುವೆ' ಎಂದು ಕರೆದು ಅರ್ಧ ಕಛೇರಿ ಊರಿಗೆ ಹೋಗಿರುತ್ತದೆ.

ರೂಪ ನಾನು ಹೇಳುತ್ತೇನೆ, ಹೂರಣ ನಿನ್ನದು

ಸ್ಲೈಡ್‌ಗಳ ವಿಷಯಕ್ಕೆ ಬರೋಣ. 'ಸ್ಯಾಂತೆಜ್' ಎಂದರೆ ಇಂಥದ್ದೇ ಆಕಾರದ ವಸ್ತು ಎಂದಿಲ್ಲ. ಒಂದು ಪ್ಯಾರಾ ಆಗಬಹುದು, ಟೇಬಲ್ ಆಗಬಹುದು, ಸ್ಲೈಡ್ ಆಗಬಹುದು. ಆಕಾರ ಹೇಳದೆ ಬಿಟ್ಟದ್ದೇಕೆ ಎಂದು ಕೇಳಿದರೆ ಹುಡುಗ, "ಅಷ್ಟೂ ನಾನೇ ಹೇಳಿದ್ರ ಆಕಿಗೆ ಅವಮಾನ ಅನ್ನಿಸ್ತೈತೇನೋ ಅಂತ್ರೀ" ಎಂದ. ಈ ಅಂಜಿಕೆ ಪೂರ್ತಿ ಸುಳ್ಳಲ್ಲ. ಫಿಲಿಪ್ ದಿರಿಬಾರ್ನ್ ಎಂಬ ಸಂಶೋಧಕರು ಒಂದೇ ಸಂಸ್ಥೆಯ ಮೂರು ಕಾರ್ಖಾನೆಗಳನ್ನು, ಫ್ರಾನ್ಸ್, ಅಮೆರಿಕ ಮತ್ತು ನೆದರ್ಲೆಂಡ್ಸ್‌ನಲ್ಲಿ, ಹೋಲಿಸಿ ನೋಡಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಪ್ರಸಿದ್ಧ. ಅಮೆರಿಕದ ಕಾರ್ಖಾನೆಯಲ್ಲಿ ಕೆಲಸ ನಡೆಯುವುದು ಒಪ್ಪಂದದಂತೆ, ನಿನ್ನ ಗುರಿ ಇದು ಎಂದು ಸ್ಪಷ್ಟವಾಗಿ ಹೇಳಿ ಅದರಂತೆ ಅಳೆಯುವುದು ನ್ಯಾಯ. ಫ್ರಾನ್ಸಿನಲ್ಲಿ ಜನ ತಮ್ಮ ಕಸುಬಿನ ಗೌರವದಿಂದ ತಮ್ಮ ಕರ್ತವ್ಯ ಯಾವುದೆಂದು ತಾವೇ ತಿಳಿದುಕೊಂಡಿರುತ್ತಾರೆ, ಹೇಗೆ ಮಾಡಬೇಕೆಂದು ಮೇಲಿನಿಂದ ಹೇಳಿಸಿಕೊಳ್ಳುವುದು ಆ ಗೌರವಕ್ಕೆ ತಾಗುತ್ತದೆ ಎಂಬುದು ಅವರ ವಾದ. ಎಲ್ಲ ಕಛೇರಿಗೂ ಇದು ಹೊಂದುತ್ತದೆಂದು ನಾನು ಹೇಳಲಾರೆ. ಆದರೆ ಹೆಜ್ಜೆ ಹೆಜ್ಜೆಗೆ ಹೇಳಿಕೊಟ್ಟ ಮೇಲ್ ಓದಿ ಮುಖ ಗಂಟಿಕ್ಕಿದವರನ್ನು ಕಂಡಿದ್ದೇನೆ.

ಇದಕ್ಕೆ ಭಾಷೆಯಲ್ಲೇ ಒಂದು ದಾರಿಯಿದೆ. ಶಾಲೆಯ ಪ್ರಬಂಧದ ಕಾಲದಿಂದಲೂ ಫ್ರೆಂಚರು 'ಫೋಂ' ಮತ್ತು 'ಫಾರ್ಮ್' ಎಂದು ಎರಡನ್ನು ಬೇರೆಯಿಟ್ಟು ಮಾತಾಡುತ್ತಾರೆ, ಹೂರಣ ಮತ್ತು ರೂಪ. 'ಸುರ್ ಲಾ ಫಾರ್ಮ್' ಎಂದು ಶುರುಮಾಡಿ ಎಷ್ಟು ಪುಟ, ಯಾವ ಫೈಲ್, ಯಾರು ಓದುತ್ತಾರೆ ಎಂದು ಎಷ್ಟು ಖಚಿತವಾಗಿ ಹೇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದೆಯೇ 'ಸುರ್ ಲ ಫೋಂ, ಜ ತ ಲೆಸ್ ಲಾ ಮ್ಯಾಂ' ಎಂದು ಬರೆದರೆ, ವಿಷಯವನ್ನು ನಿನ್ನ ಕೈಗೆ ಬಿಟ್ಟಿದ್ದೇನೆ ಎಂದಾಯಿತು. ಯಾವ ದೂರು ಮುಖ್ಯ, ಯಾವುದನ್ನು ಯಾವುದರ ಜೊತೆ ಸೇರಿಸಬೇಕು ಎಂಬುದು ಅವಳ ತೀರ್ಮಾನ. ಅಲ್ಲಿ ಕೈ ಹಾಕಬಾರದು, ಬಿಟ್ಟೆನೆಂದು ಬರೆದ ಮೇಲಂತೂ ಹಾಕಲೇಬಾರದು.

ಫೈಲಿನ ಬಗೆ ಹೇಳುವುದು ಚಿಲ್ಲರೆ ವಿಷಯ ಅನ್ನಿಸಬಹುದು. ಇಲ್ಲಿನ ಎಕ್ಸೆಲ್‌ನಲ್ಲಿ ದಶಮಾಂಶಕ್ಕೆ ಚುಕ್ಕಿಯಲ್ಲ, ಅಲ್ಪವಿರಾಮ. ಹಾಗಾಗಿ `.csv` ಫೈಲಿನಲ್ಲಿ ಕಾಲಂಗಳನ್ನು ಬೇರ್ಪಡಿಸಲು ಸೆಮಿಕೋಲನ್ ಬರುತ್ತದೆ. ಅವಳು ಉಳಿಸಿದ ಫೈಲನ್ನು ಬೆಂಗಳೂರಿನಲ್ಲಿ ತೆರೆದರೆ ಇಡೀ ಸಾಲು ಒಂದೇ ಕಾಲಂನಲ್ಲಿ ಒತ್ತಿಕೊಂಡಿರುತ್ತದೆ, ಇಲ್ಲವೇ ಅಲ್ಪವಿರಾಮ ಇರುವಲ್ಲಿ ತಪ್ಪಾಗಿ ಒಡೆದಿರುತ್ತದೆ. `.xlsx` ಎಂದು ಒಂದು ಪದ ಸೇರಿಸಿದ್ದರೆ ಈ ಪಜೀತಿಯಿಲ್ಲ, ಅದರೊಳಗೆ ಅಂಕಿ ಅಂಕಿಯಾಗಿಯೇ ಇರುತ್ತದೆ.

ಅಕ್ಟೋಬರಿನ ಮೇಲ್

ಮುಂದಿನ ತಿಂಗಳು ಹುಡುಗ ಮೊದಲು ನನಗೆ ಫೋನ್ ಮಾಡಿದ. ಸಭೆ 13 ಅಕ್ಟೋಬರ್ 2025, ಸೋಮವಾರ, ಬೆಳಿಗ್ಗೆ 10ಕ್ಕೆ. ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಅವನಿಗೆ ಓದಿ ತಿದ್ದಲು ಒಂದು ದಿನ ಬೇಕು, ಅದು ಗುರುವಾರ. ಅವಳು ಕಛೇರಿಯಲ್ಲಿರುವ ಕೊನೆಯ ದಿನ ಬುಧವಾರ 8. ಆದ್ದರಿಂದ ಗಡುವು ಬುಧವಾರ 17 ಗಂಟೆ, ಮೇಲ್ ಹೋಗಬೇಕಾದ್ದು ಸೋಮವಾರ 6ರ ಬೆಳಿಗ್ಗೆ.

ಮೇಲ್ ಹೀಗೆ ಕಟ್ಟಿದೆವು. ಮೊದಲು 'ಬೋಂಜೂರ್' ಮತ್ತು ಅವಳ ಹೆಸರು. ಇದನ್ನು ಬಿಟ್ಟು ನೇರ ವಿಷಯಕ್ಕೆ ಇಳಿದರೆ ಮುಂದೆ ಎಷ್ಟು ಕೋಂದಿಸ್ಯೊನೆಲ್ ಬಳಸಿದರೂ ಉಪಯೋಗವಿಲ್ಲ. ಎರಡನೆಯ ವಾಕ್ಯ ಕಾರಣ: 'ಲಂದಿ ತ್ರೆಜ್ ಒಕ್ತೋಬ್ರ್ ಆ ದಿಜ್ ಎರ್, ನೂ ಪ್ರೆಜಾಂತೋಂ ಲೆ ರತೂರ್ ಕ್ಲಿಯಾಂ ದ ಸೆಪ್ತಾಂಬ್ರ್ ಆ ಲಾ ದಿರೆಕ್ಸ್ಯೋಂ.' ಸೋಮವಾರ ನಿರ್ದೇಶಕರ ಮುಂದೆ ಇಡುತ್ತೇವೆ ಎಂದು ತಿಳಿದರೆ ಗಡುವು ಏಕೆ ಜರುಗಿಸಲಾಗದು ಎಂಬುದು ಅವಳಿಗೇ ಹೊಳೆಯುತ್ತದೆ. ಮೂರನೆಯದು ಕೋರಿಕೆ: 'ಜೋರೇ ಬೆಜ್ವಾಂ ಕ ತ್ಯೂ ಪ್ರೆಪಾರ್ ಯೂನ್ ನೋತ್ ದ ಸ್ಯಾಂತೆಜ್.' ಹುಡುಗ 'ಪತಿತ್' ಸೇರಿಸಲು ಹೊರಟಿದ್ದ, ಬೇಡವೆಂದೆ. ಪುಟ್ಟದು ಎಂದರೆ ಕೆಲಸ ಚಿಕ್ಕದೆಂದು ಹೇಳಿದ ಹಾಗೆ, ಅದು ಚಿಕ್ಕದಿರಲಿಲ್ಲ.

ಆಮೇಲೆ ರೂಪ: ವರ್ಡ್‌ನಲ್ಲಿ ಹೆಚ್ಚೆಂದರೆ ಒಂದು ಪುಟ, ಅತಿ ಹೆಚ್ಚು ಬಂದ ಐದು ಕಾರಣಗಳ ಒಂದು ಟೇಬಲ್, ಫೈಲಿನ ಹೆಸರು `2025-09_retours-clients_v1.docx`. ನಿರ್ದೇಶಕರು ಅದನ್ನು ಮುದ್ರಿಸಿಕೊಂಡು ಓದುತ್ತಾರೆ ಎಂದೂ ಸೇರಿಸಿದೆವು. ಆ ಒಂದು ಮಾತಿನಿಂದ ಅಕ್ಷರದ ಗಾತ್ರ, ಬಣ್ಣದ ಚಾರ್ಟು ಎಲ್ಲವೂ ಹೇಳದೆಯೇ ತೀರ್ಮಾನವಾಗುತ್ತವೆ. ಹೂರಣ ನಿನ್ನ ಕೈಗೆ ಎಂಬ ವಾಕ್ಯ. ನಂತರ ಗಡುವು, ಯಾವ ಮೆತ್ತನೆಯೂ ಇಲ್ಲದೆ: 'ಲೆಶೆಆಂಸ್ ಎ ಮೆರ್ಕ್ರದಿ ವಿತ್ ಒಕ್ತೋಬ್ರ್ ಆ ದಿಸೆತ್ ಎರ್ ಓ ಪ್ಲು ತಾರ್', ಗುರುವಾರ ನಾನು ಓದಬೇಕಾಗಿರುವುದರಿಂದ ಎಂಬ ಬಾಲದ ಜೊತೆ.

ಕೊನೆಯ ವಾಕ್ಯ ನನಗೆ ಎಲ್ಲಕ್ಕಿಂತ ಮುಖ್ಯ: 'ದಿ-ಮ್ವಾ ದಿಸಿ ದಮ್ಯಾಂ ಮಿದಿ ಸಿ ಲ ದೆಲೇ ತ ಪಾರೇ ತನಾಬ್ಲ್.' ಈ ಗಡುವು ಸಾಧ್ಯವೋ ಇಲ್ಲವೋ ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ತಿಳಿಸು. ಇದನ್ನು ಸೇರಿಸದೆ 'ಏನಾದರೂ ಪ್ರಶ್ನೆಯಿದ್ದರೆ ಹಿಂಜರಿಯಬೇಡ' ಎಂದಷ್ಟೇ ಬರೆಯುವವರು ಬಹಳ. ಎಲ್ಲರೂ ಬರೆಯುವ ಮಾತಾದ್ದರಿಂದ ಅದಕ್ಕೆ ಯಾರೂ ಉತ್ತರಿಸುವುದಿಲ್ಲ, ಕಿರಿಯರಂತೂ ಹಿಂಜರಿದೇ ಹಿಂಜರಿಯುತ್ತಾರೆ. ಉತ್ತರಕ್ಕೂ ಗಂಟೆ ಕೊಟ್ಟರೆ 'ಆಗುವುದಿಲ್ಲ' ಎನ್ನುವುದು ಧೈರ್ಯದ ವಿಷಯವಾಗಿ ಉಳಿಯದೆ ಕೆಲಸದ ಒಂದು ಭಾಗವಾಗುತ್ತದೆ. ಮಂಗಳವಾರ ಹನ್ನೊಂದಕ್ಕೆ ಅವಳ ಉತ್ತರ ಬಂತು. ತಿಂಗಳ ಕೊನೆಯ ಎರಡು ದಿನದ ದೂರುಗಳನ್ನು ಇನ್ನೂ ಯಾರೂ ವಿಂಗಡಿಸಿಲ್ಲ, ಅವನ್ನು ಬಿಟ್ಟು ಟೇಬಲ್ ಮಾಡಿ ಕೆಳಗೆ ಟಿಪ್ಪಣಿ ಹಾಕಲೇ ಎಂದು ಕೇಳಿದ್ದಳು. ಸೆಪ್ಟೆಂಬರಿನಲ್ಲೂ ಹಾಗೇ ಆಗಿತ್ತಂತೆ. ಆಗ ಕೇಳಲು ಸಂದರ್ಭವೇ ಬಂದಿರಲಿಲ್ಲ.

ಬಾರದಿದ್ದರೆ

ಇಷ್ಟಾದರೂ ಒಮ್ಮೊಮ್ಮೆ ಬುಧವಾರ 17 ಗಂಟೆಗೆ ಏನೂ ಬರುವುದಿಲ್ಲ. ನೆನಪಿಸುವುದಕ್ಕೆ ಇಲ್ಲಿ 'ರಲಾಂಸ್' ಎನ್ನುತ್ತಾರೆ, ಅದಕ್ಕೆ ಸಿದ್ಧವಾದ ಒಂದು ಮಾತಿದೆ: 'ಸೋಫ್ ಎರರ್ ದ ಮಾ ಪಾರ್, ಜ ನೇ ಪಾ ಆಂಕೋರ್ ರಸು ಲಾ ನೋತ್.' ನನ್ನ ಕಡೆಯಿಂದ ತಪ್ಪಾಗಿರದಿದ್ದರೆ, ಟಿಪ್ಪಣಿ ನನಗಿನ್ನೂ ಬಂದಿಲ್ಲ. ತಪ್ಪಿನ ಸಾಧ್ಯತೆಯನ್ನು ತನ್ನ ಮೇಲೆ ಎಳೆದುಕೊಳ್ಳುವ ಈ ಮಾತಿನಲ್ಲಿ ಯಾರಿಗೂ ಅನುಮಾನವಿಲ್ಲ, ತಡಮಾಡಿದವರು ಯಾರೆಂದು ಇಬ್ಬರಿಗೂ ಗೊತ್ತು. ಒಮ್ಮೆ ಬರೆದರೆ ಸಭ್ಯ. ಎರಡನೆಯ ಸಲವೂ ಅದನ್ನೇ ಬರೆದು ಮ್ಯಾನೇಜರನ್ನು ಪ್ರತಿಯಲ್ಲಿ ಹಾಕಿದರೆ ಅದು ಚಾಡಿಯೇ, ಯಾವ ಕೋಂದಿಸ್ಯೊನೆಲ್ ಬಳಸಿದರೂ.

ಹೊತ್ತೂ ನೋಡಬೇಕು. ಕಛೇರಿಯ ಸಮಯದ ಹೊರಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕು 2016ರ ಕಾರ್ಮಿಕ ಕಾಯ್ದೆಯಲ್ಲಿ ಸೇರಿ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಮೇಲ್ ಕಳಿಸುವುದನ್ನು ಅದು ನಿಷೇಧಿಸುವುದಿಲ್ಲ, ಕಂಪನಿ ತನ್ನ ಜನರೊಂದಿಗೆ ಕೂತು ನಿಯಮ ಮಾಡಿಕೊಳ್ಳಬೇಕು ಎನ್ನುತ್ತದೆ. ಆದರೂ ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹುರುಪಿನಿಂದ ಕಳಿಸಿದ ರಲಾಂಸ್ ಅವಳ ಫೋನಿನಲ್ಲಿ ಐದೂವರೆಗೆ ಸದ್ದು ಮಾಡುತ್ತದೆ. ಹುಡುಗ ಈಗ ಬರೆದಿಟ್ಟು, ಮಧ್ಯಾಹ್ನ ಹನ್ನೆರಡೂವರೆಗೆ ಹೋಗುವಂತೆ ಸಮಯ ಹಾಕುತ್ತಾನೆ. ಅದಕ್ಕೂ ಉತ್ತರ ಬರದಿದ್ದರೆ ಇನ್ನೊಂದು ಮೇಲ್ ಬರೆಯಬೇಡ, ಇಲ್ಲಿಯವರು ಊಟ ಮುಗಿಸಿ ಬರುವ 14 ಗಂಟೆಗೆ ಫೋನ್ ಮಾಡು ಎಂದು ಹೇಳಿದ್ದೇನೆ. "ಫೋನಿನ್ಯಾಗ ಫ್ರೆಂಚ್ ಮಾತಾಡೂದು ಭಾಳ ತ್ರಾಸರೀ ಅಕ್ಕಾರ" ಎನ್ನುತ್ತಾನೆ. ಅದು ನಿಜ, ಫೋನಿನಲ್ಲಿ 'ಪುರೇ' ಯಾವುದು 'ಪೆ' ಯಾವುದು ಎಂದು ಯೋಚಿಸಲು ಪುರಸೊತ್ತು ಇರುವುದಿಲ್ಲ. 'ಬೋಂಜೂರ್' ಎಂದು ಶುರುಮಾಡಿ ಬುಧವಾರದ ಟಿಪ್ಪಣಿ ಎಲ್ಲಿಗೆ ಬಂತು ಎಂದು ಕೇಳಿದರೆ ಆಯಿತು, ಉಳಿದದ್ದನ್ನು ಅವಳೇ ಹೇಳುತ್ತಾಳೆ.